ಹೊಲಿಗೆಯ ಒಳಗೆ ಉಳಿದ ಬಟ್ಟೆ

"ಈ ಕಾಲದಲ್ಲೂ ಬಟ್ಟೆ ಹೊಲಿಸ್ತೀರಾ?" ಎಂದು ನನ್ನ ಟೀಮಿನ ಹುಡುಗರು ಕೇಳುತ್ತಾರೆ. ಹೊಲಿಸುವುದೆಂದರೆ ಹಳೆಯದರ ಹಂಬಲ, ದುಬಾರಿ ಶೋಕಿ ಎಂಬುದು ಅವರ ವಾದ. ಇನ್ನೊಂದು ಕಡೆ ನನ್ನ ವಯಸ್ಸಿನವರು ರೆಡಿಮೇಡ್ ಎಂದರೆ ಮೂಗು ಮುರಿಯುತ್ತಾರೆ. ಇಬ್ಬರೂ ನೋಡುವುದು ಬಟ್ಟೆಯ ಹೊರಮೈಯನ್ನು. ಪ್ಯಾಂಟನ್ನು ಒಳಮಗ್ಗುಲಾಗಿ ತಿರುಗಿಸಿ ನೋಡಿ ಎಂಬುದು ನನ್ನ ತಕರಾರು.

ಪುಣೆಯಲ್ಲಿ ಕೆಲಸ ಮಾಡುವ ನನಗೆ ಲಾಸಲಗಾಂವ್ ಹೆಂಡತಿಯ ತವರು. ನಾಸಿಕ್ ಜಿಲ್ಲೆಯ ಈ ಊರನ್ನು ದೇಶವೆಲ್ಲ ಬಲ್ಲದ್ದು ಈರುಳ್ಳಿ ಮಾರುಕಟ್ಟೆಗಾಗಿ. ನಾನು ಬಲ್ಲದ್ದು ಅಲ್ಲಿನ ಪೇಟೆಯ ಒಬ್ಬ ಶಿಂಪಿಗಾಗಿ. ದರ್ಜಿಗೆ ಮರಾಠಿಯಲ್ಲಿ ಇರುವ ಈ ಹೆಸರು ನಮ್ಮ ಉತ್ತರ ಕರ್ನಾಟಕದವರಿಗೂ ಹೊಸದಲ್ಲ.

2016ರ ದೀಪಾವಳಿಗೆ ಅವರ ಹತ್ತಿರ ಒಂದು ಪ್ಯಾಂಟು ಹೊಲಿಸಿದೆ. ಒಂದೂಕಾಲು ಮೀಟರ್ ಟೆರಿಕಾಟನ್ನಿಗಿಂತ ಮೆದುವಾದ ಪಾಲಿಯೆಸ್ಟರ್-ವಿಸ್ಕೋಸ್ ಬಟ್ಟೆಗೆ ₹600, ಹೊಲಿಗೆಗೆ ₹400. ಅದೇ ತಿಂಗಳು ಪುಣೆಯ ಮಾಲೊಂದರಲ್ಲಿ ಹೆಚ್ಚೂಕಡಿಮೆ ಅದೇ ತರದ ಬಟ್ಟೆಯ ರೆಡಿಮೇಡ್ ಪ್ಯಾಂಟು ತೆಗೆದುಕೊಂಡೆ. ಅದಕ್ಕೆ ₹1,400, ಕೆಳಗೆ ಮಡಚಿ ಉದ್ದ ಕಡಿಮೆ ಮಾಡಿಸಲು ₹50. ಎರಡರ ಸೊಂಟವೂ 34. ಎರಡನ್ನೂ ವಾರಕ್ಕೊಮ್ಮೆ ಹಾಕಿಕೊಂಡೆ.

ಎರಡೂವರೆ ವರ್ಷ ಕಳೆಯುವಾಗ ಕುಳಿತು ಮಾಡುವ ಕೆಲಸದ ಕೃಪೆಯಿಂದ ನನ್ನ ಸೊಂಟ 35 ಆಯಿತು. ಎರಡು ಪ್ಯಾಂಟಿನ ಬಟ್ಟೆಯೂ ಇನ್ನೂ ಗಟ್ಟಿಯಾಗಿತ್ತು. ರೆಡಿಮೇಡನ್ನು ಬಿಚ್ಚಿದರೆ ಹಿಂಭಾಗದ ಹೊಲಿಗೆಯ ಒಳಗೆ ಉಳಿದಿದ್ದು ಅರ್ಧ ಇಂಚಿಗಿಂತ ಕಡಿಮೆ ಬಟ್ಟೆ. ಸೊಂಟಪಟ್ಟಿಯೂ ಸುತ್ತ ಒಂದೇ ತುಂಡು. ದೊಡ್ಡದು ಮಾಡಲು ಜಾಗವೇ ಇಲ್ಲ. ಅದು ಯಾರಿಗೋ ಹೋಯಿತು.

ಶಿಂಪಿ ಹೊಲಿದದ್ದರಲ್ಲಿ ಹಿಂಭಾಗದ ನಡುಹೊಲಿಗೆ ಸೊಂಟದ ಹತ್ತಿರ ಎರಡೂ ಬದಿ ಒಂದೂವರೆ ಇಂಚು ಅಗಲವಿತ್ತು, ಕೆಳಗಿಳಿದಂತೆ ಸಣ್ಣದಾಗುತ್ತಿತ್ತು. ಹೊಲಿಗೆ ನಿಲ್ಲಲು ಅರ್ಧ ಇಂಚು ಬಿಟ್ಟರೂ ಬದಿಗೆ ಒಂದರಂತೆ ಎರಡು ಇಂಚು ಸಿಗುತ್ತದೆ. ಸೊಂಟಪಟ್ಟಿಯನ್ನೂ ಎರಡು ತುಂಡಾಗಿ ಹಾಕಿ ಹಿಂದೆ ನಡುವಿನಲ್ಲಿ ಸೇರಿಸಿದ್ದರು. ಹಾಗಾಗಿ ಆ ಒಂದು ಹೊಲಿಗೆ ಬಿಚ್ಚಿದರೆ ಸಾಕು. ಮೊದಲು 35, ಆಮೇಲೆ 36, ಎರಡು ಸಲ ಬಿಡಿಸಿದ್ದಕ್ಕೆ ₹120. ಆ ಪ್ಯಾಂಟು ಏಳು ವರ್ಷ ಬಂತು. ಲೆಕ್ಕ ಹಾಕಿ: ಹೊಲಿಸಿದ್ದು ವರ್ಷಕ್ಕೆ ₹160, ಕೊಂಡದ್ದು ವರ್ಷಕ್ಕೆ ₹580. ಈಗ ಹೇಳಿ, ಶೋಕಿ ಯಾವುದು?

ಕಾರ್ಖಾನೆಗೆ ಇದು ಗೊತ್ತಿಲ್ಲವೆಂದಲ್ಲ. ಸಾವಿರಾರು ಪ್ಯಾಂಟು ಒಟ್ಟಿಗೆ ಕತ್ತರಿಸುವಾಗ ಒಳಗೆ ಬಿಡುವ ಒಂದೊಂದು ಇಂಚೂ ಖರ್ಚು, ಆ ಇಂಚಿನ ಲಾಭ ಮಾತ್ರ ಮುಂದೆಂದೋ ಗಿರಾಕಿಗೆ. ಪ್ರಾಜೆಕ್ಟ್ ಪ್ಲಾನಿನಲ್ಲಿ ಬಫರ್ ತೆಗೆದುಹಾಕಿ ಕಡಿಮೆ ದರ ತೋರಿಸುವವರನ್ನು ನಾನು ದಿನಾ ನೋಡುತ್ತೇನೆ. ಇದೂ ಅದೇ ಜಾಣತನ. ಕೆಲವು ರೆಡಿಮೇಡ್ ಫಾರ್ಮಲ್ ಪ್ಯಾಂಟುಗಳಲ್ಲಿ ಸ್ವಲ್ಪ ಬಟ್ಟೆ ಬಿಟ್ಟಿರುತ್ತಾರೆ. ಅಂಗಡಿಯಲ್ಲೇ ತಿರುಗಿಸಿ ನೋಡಿ. ಹಿಂದೆ ಸೊಂಟಪಟ್ಟಿಯಲ್ಲಿ ಜೋಡಣೆ ಇದ್ದು, ಅದರ ಕೆಳಗೆ ಬಟ್ಟೆ ಅಗಲವಾಗಿದ್ದರೆ ಕೊಳ್ಳಿ.

ಇಷ್ಟು ಹೇಳಿ ದರ್ಜಿಯ ಜೈಕಾರ ಹಾಕಲಾರೆ. ಎರಡು ಇಂಚಿಗಿಂತ ಹೆಚ್ಚು ಬಿಡಿಸಿದರೆ ಹಿಂದಿನ ಜೇಬುಗಳು ದೂರ ಸರಿದು ವಿಕಾರವಾಗುತ್ತದೆ. ಮಾಸಿದ ಬಟ್ಟೆಯ ನಡುವೆ ಒಳಗಿದ್ದ ಹೊಸ ಬಣ್ಣ ಗೆರೆಯಾಗಿ ಕಾಣುತ್ತದೆ. ಶರ್ಟಿನ ವಿಷಯಕ್ಕೆ ಬಂದರೆ ನಾನು ರೆಡಿಮೇಡ್ ಪಕ್ಷ. ಶರ್ಟು ಹೇಗೂ ಸಡಿಲ, ಹೊಟ್ಟೆ ಒಂದಿಂಚು ಬಂದರೂ ತಡೆದುಕೊಳ್ಳುತ್ತದೆ. ಅದರ ಜೀವ ಇರುವುದು ಕಾಲರಿನಲ್ಲಿ. ಕಾಲರಿನೊಳಗಿನ ಅಂಟುವ ಕ್ಯಾನ್ವಾಸನ್ನು ಕಾರ್ಖಾನೆಯ ಯಂತ್ರ ಒಂದೇ ಸಮನಾದ ಶಾಖ, ಒತ್ತಡದಲ್ಲಿ ಕೂರಿಸುತ್ತದೆ. ಸಣ್ಣ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆಯಿಂದ ಒತ್ತಿದ್ದು ಎಲ್ಲೋ ಒಂದು ಕಡೆ ಸರಿಯಾಗಿ ಹತ್ತದೆ, ಹತ್ತಾರು ಒಗೆತಕ್ಕೆ ಗುಳ್ಳೆ ಏಳುತ್ತದೆ. ಭುಜ ಇಳಿಜಾರಾಗಿದ್ದರೆ, ತೋಳು ಎದೆಯ ಸೈಜಿಗೆ ಹೊಂದದಷ್ಟು ಉದ್ದವಿದ್ದರೆ ಮಾತ್ರ ಶರ್ಟು ಹೊಲಿಸಿ.

ಹೊಲಿಸುವುದಾದರೆ ಬಾಯಿಬಿಟ್ಟು ಹೇಳಬೇಕು. ನಿಮಗೆ ಸರಿಯಾಗಿ ಕೂರುವ ಹಳೆಯ ಪ್ಯಾಂಟು ಒಯ್ಯಿರಿ. ಹತ್ತಿ ಬಟ್ಟೆಯಾದರೆ ಮೊದಲೇ ನೀರಿನಲ್ಲಿ ಅದ್ದಿ ಒಣಗಿಸಿ ಕೊಡಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. "ಹಿಂದೆ ಒಂದೂವರೆ ಇಂಚು ಬಿಡಿ, ಪಟ್ಟಿ ಎರಡು ತುಂಡು ಮಾಡಿ" ಎನ್ನಿ. ಅದಕ್ಕೆ ದರ್ಜಿ ಮುಖ ಸಿಂಡರಿಸಿದರೆ ಬಟ್ಟೆ ವಾಪಸು ತೆಗೆದುಕೊಂಡು ಬೇರೆಯವರ ಹತ್ತಿರ ಹೋಗಿ. ಹೊರಗಿನಿಂದ ಮಾತ್ರ ಚಂದ ಹೊಲಿಯುವವನಿಗೆ ಕೊಡುವುದಕ್ಕಿಂತ ಮಾಲಿಗೆ ಹೋಗುವುದೇ ಲೇಸು.