ಮುಂಗಾಲು ಯಾರದು?

ಹತ್ತನೇ ತರಗತಿಯಲ್ಲಿರುವ ತಂಗಿ ಮೊನ್ನೆ ಕನ್ನಡ ಹೋಂವರ್ಕ್ ಹಿಡಿದು ಬಂದಳು. ಹತ್ತು ಪದಗಳನ್ನು ಬಿಡಿಸಿ ಬರೆದು ಸಮಾಸ ಹೆಸರಿಸಬೇಕಿತ್ತು. 'ಮುಂಗಾಲು = ಮುಂದು + ಕಾಲು' ಎಂದು ಬರೆದು, "ಅಣ್ಣಾ, ಇದು ಕರ್ಮಧಾರಯ ತಾನೇ?" ಅಂದಳು. 'ಹಿರಿದು + ಬಾಗಿಲು = ಹೆಬ್ಬಾಗಿಲು' ಕರ್ಮಧಾರಯವಾದರೆ ಇದೂ ಆಗಬೇಕಲ್ಲ ಎಂಬುದು ಅವಳ ವಾದ. ಗಣಿತದಲ್ಲಿ ಸರಿಯಾದ ವಾದವೇ. ಆದರೆ ಇಲ್ಲಿ ಆ ಕೂಡಿಸುವ ಚಿಹ್ನೆಯೇ ಮೋಸ ಮಾಡುತ್ತದೆ.

ಸಮಾಸವಾಗುವಾಗ ನಡುವಿನ ವಿಭಕ್ತಿ ಪ್ರತ್ಯಯ ಬಿದ್ದುಹೋಗುತ್ತದೆ. ಬಿಡಿಸುವುದೆಂದರೆ ಅದನ್ನು ವಾಪಸ್ ತರುವುದು, ಅಂದರೆ ವಿಗ್ರಹವಾಕ್ಯ ಬರೆಯುವುದು. 'ಮುಂಗಾಲ ಮೇಲೆ ನಿಂತು ಅಟ್ಟದ ಡಬ್ಬಿ ತೆಗೆದ' ಎನ್ನುವಾಗ ಮುಂಗಾಲು ಎಂದರೆ ಕಾಲಿನ ಮುಂಭಾಗ. ಕಾಲು ಅಂಶಿ, ಮುಂದು ಅದರ ಒಂದು ಅಂಶ. ಆದ್ದರಿಂದ ವಿಗ್ರಹ 'ಕಾಲಿನ + ಮುಂದು', ಸಮಾಸ ಅಂಶಿ. ಅಂಗೈಯೂ ಹೀಗೆಯೇ: ಕೈಯ + ಅಡಿ.

ಅಷ್ಟಕ್ಕೆ ಬಿಡಲಿಲ್ಲ ಅವಳು. "ಕುದುರೆ ಮುಂಗಾಲು ಎತ್ತಿತು ಅಂದ್ರೆ?" ನಾನು ಯೋಚಿಸಿಯೇ ಇರಲಿಲ್ಲ. ಅಲ್ಲಿ ಎತ್ತಿದ್ದು ಕಾಲಿನ ತುದಿಯನ್ನಲ್ಲ, ಮುಂದಿನ ಇಡೀ ಕಾಲನ್ನು. 'ಮುಂದಿನ + ಕಾಲು' ಎಂದು ಬಿಡಿಸಬೇಕು. ಷಷ್ಠಿಯ ಪ್ರತ್ಯಯ ಬಂತು, ಅರ್ಥದ ಭಾರ ಕಾಲಿನ ಮೇಲಿದೆ, ಹಾಗಾಗಿ ತತ್ಪುರುಷದ ಕಡೆಗೆ ಹೋಗುತ್ತದೆ. ಅಕ್ಷರ ಒಂದೂ ಬದಲಾಗದೆ ಸಮಾಸ ಬದಲಾಯಿತು.

ಪೀತಾಂಬರದ್ದೂ ಇದೇ ಕಥೆ. ಹಳದಿ ಬಟ್ಟೆಯಾದರೆ ಕರ್ಮಧಾರಯ, ಅದನ್ನು ಉಟ್ಟ ವಿಷ್ಣುವಾದರೆ ಬಹುವ್ರೀಹಿ. ಎಲ್ಲ ಪದಗಳೂ ಹೀಗೆ ಕಾಡುವುದಿಲ್ಲ ಅನ್ನಿ. ಮುಕ್ಕಣ್ಣ ಎಂಬುದು 'ಕಣ್ಣು' ಎಂದು ಮುಗಿಯದೆ 'ಕಣ್ಣ' ಎಂದು ಮುಗಿದು, ಮೂರು ಕಣ್ಣುಳ್ಳವನು ಬೇರೊಬ್ಬನಿದ್ದಾನೆ ಎಂದು ತಾನೇ ಹೇಳಿಬಿಡುತ್ತದೆ.

ಹಾಗಾದರೆ ಬರೀ 'ಪೀತಾಂಬರ' ಎಂದು ಕೊಟ್ಟು, ಕೆಳಗೆ ನಾಲ್ಕು ಆಯ್ಕೆಗಳಲ್ಲಿ ಕರ್ಮಧಾರಯ, ಬಹುವ್ರೀಹಿ ಎರಡನ್ನೂ ಇಟ್ಟರೆ ಉತ್ತರಿಸುವವರು ಏನು ಮಾಡಬೇಕು? ಗೈಡ್‌ನಲ್ಲಿ ಇರುವುದನ್ನು ಬಾಯಿಪಾಠ ಮಾಡಬೇಕು, ಅಷ್ಟೇ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮ ಹಾಸ್ಟೆಲ್ ಸೀನಿಯರ್‌ಗಳು ಸಾಮಾನ್ಯ ಕನ್ನಡಕ್ಕೆ ಮಾಡುತ್ತಿರುವುದೂ ಅದನ್ನೇ. ಪದದ ಬದಲು ಒಂದು ವಾಕ್ಯ ಕೊಡಲಿ, ಅಡಿಗೆರೆ ಎಳೆದ ಪದವನ್ನು ಬಿಡಿಸಲು ಹೇಳಲಿ. ಹೆಸರಿಗಿಂತ ವಿಗ್ರಹವಾಕ್ಯಕ್ಕೆ ಹೆಚ್ಚು ಅಂಕ ಇರಲಿ. ವಿಗ್ರಹ ಸರಿಯಿದ್ದವರಿಗೆ ಹೆಸರು ಹೇಗೂ ಸಿಗುತ್ತದೆ. ಹೆಸರು ಮಾತ್ರ ಗೊತ್ತಿದ್ದವರು ಹೊಸ ಪದ ಬಂದರೆ ನಿಂತುಬಿಡುತ್ತಾರೆ.

ತಂಗಿ ಕೊನೆಗೆ 'ಮನುಷ್ಯರದಾದರೆ ಅಂಶಿ, ಕುದುರೆಯದಾದರೆ ತತ್ಪುರುಷ' ಎಂದು ಎರಡೂ ಬರೆದುಕೊಂಡು ಹೋಗಿದ್ದಾಳೆ. ನೋಟ್‌ಬುಕ್ ಇನ್ನೂ ವಾಪಸ್ ಬಂದಿಲ್ಲ.