ಕತ್ತಿನ ಗಂಟು: ಸ್ಲೈಡಿನಲ್ಲಿ ಕಾಣುವ ಮೂರು ಮುಖ



ಸುವಾನಿಯಲ್ಲಿ ಒಬ್ಬರ ಮನೆಗೆ ಊಟಕ್ಕೆ ಹೋಗಿದ್ದಾಗ, ಮೊಮ್ಮಗಳನ್ನು ನೋಡೋಕೆ ಊರಿಂದ ಬಂದ ತಂದೆಯವರ ಫೈಲನ್ನು ಮನೆಯವರು ನಮ್ಮ ಮುಂದಿಟ್ಟರು. ವಯಸ್ಸು 62, ಎಲೆ-ಅಡಿಕೆ ಜೊತೆ ಹೊಗೆಸೊಪ್ಪು ಹಾಕೋ ಹಳೇ ಅಭ್ಯಾಸ. ಬಲಗಡೆ ದವಡೆಯ ಕೆಳಗೆ ಗಂಟು. ಊರಲ್ಲಿ ಸೂಜಿ ಹಾಕಿ ನೋಡಿದಾಗ (ಎಫ್‌ಎನ್‌ಎಸಿ ಅಂತಾರಲ್ಲ, ಅದು) ಕೀವಿನಂಥದ್ದು ಬಂದಿತ್ತು. ‘ಸತ್ತ ಅಂಗಾಂಶ ಇದೆ, ಟಿಬಿ ಇರಬಹುದು’ ಎಂದು ರಿಪೋರ್ಟ್. ಎರಡು ತಿಂಗಳು ಟಿಬಿ ಮಾತ್ರೆ ನುಂಗಿದರೂ ಗಂಟು ಕರಗಲಿಲ್ಲ, ಇನ್ನೂ ಗಟ್ಟಿಯಾಯ್ತು. ‘ಇದು ಟಿಬಿನೇನಾ?’ ಅಂತ ಮಗ ಕೇಳಿದರು.

ಲ್ಯಾಬಿನಲ್ಲಿ ಕೆಲಸ ಮಾಡೋ ನಮಗೆ ಈ ಪ್ರಶ್ನೆ ಹೊಸದಲ್ಲ. ಕತ್ತಿನ ದುಗ್ಧಗ್ರಂಥಿಯಿಂದ ತೆಗೆದ ಸ್ಲೈಡಿನಲ್ಲಿ ಸಾಮಾನ್ಯವಾಗಿ ನಾವು ಮೂರು ಮುಖಗಳನ್ನು ಹುಡುಕುತ್ತೇವೆ.

ಮೊದಲನೆಯದು, ಗ್ರಂಥಿ ಸೋಂಕಿಗೆ ಸ್ಪಂದಿಸಿ ಊದಿಕೊಂಡದ್ದು. ಹಲ್ಲು ನೋವು, ಗಂಟಲು ನೋವು ಬಂದಾಗ ಆಗೋದು ಇದೇ. ಇಲ್ಲಿ ಸಂತೆಯ ಹಾಗೆ ಎಲ್ಲಾ ತರಹದ ಕೋಶಗಳೂ ಇರುತ್ತವೆ. ಸಣ್ಣ ಲಿಂಫೋಸೈಟುಗಳೇ ಹೆಚ್ಚು, ನಡುವೆ ಮಧ್ಯಮ ಮತ್ತು ದೊಡ್ಡ ಗಾತ್ರದವು, ಜೊತೆಗೆ ಸತ್ತ ಕೋಶಗಳ ಚೂರುಗಳನ್ನು ನುಂಗಿದ ದೊಡ್ಡ ಮ್ಯಾಕ್ರೋಫೇಜುಗಳು. ಎಲ್ಲವೂ ಬಿಡಿಬಿಡಿಯಾಗಿ ಹರಡಿರುತ್ತವೆ. ಆದರೆ ಕೆಲವು ಲಿಂಫೋಮಾಗಳೂ ಹೀಗೇ ವೇಷ ಹಾಕುತ್ತವೆ. ಅದಕ್ಕೇ ರಿಪೋರ್ಟ್ ‘ರಿಯಾಕ್ಟಿವ್’ ಅಂದರೂ ಗಂಟು ವಾರಗಟ್ಟಲೆ ಇಳಿಯದಿದ್ದರೆ ಮತ್ತೆ ನೋಡಬೇಕು.

ಎರಡನೆಯದು ಗ್ರ್ಯಾನುಲೋಮಾ. ಎಪಿಥೀಲಿಯಾಯ್ಡ್ ಅನ್ನೋ ಕೋಶಗಳು ಸಡಿಲವಾದ ಗುಂಪು ಕಟ್ಟಿರುತ್ತವೆ. ಅವುಗಳ ನ್ಯೂಕ್ಲಿಯಸ್ ಉದ್ದವಾಗಿ, ಚಪ್ಪಲಿಯ ಅಟ್ಟೆಯ ಹಾಗೆ ನಡುವೆ ಸ್ವಲ್ಪ ಬಾಗಿರುತ್ತದೆ. ಜೊತೆಗೆ ಹಲವು ನ್ಯೂಕ್ಲಿಯಸ್ಸಿನ ದೈತ್ಯ ಕೋಶಗಳು ಸಿಗಬಹುದು. ಹಿನ್ನೆಲೆಯಲ್ಲಿ ರವೆಯಂಥ ಸತ್ತ ಅಂಗಾಂಶವೂ ಇದ್ದರೆ ನಮ್ಮ ಊರಿನವರಲ್ಲಿ ಮೊದಲ ಅನುಮಾನ ಟಿಬಿ. ಆಮೇಲೆ ಝೀಲ್-ನೀಲ್ಸನ್ ಬಣ್ಣ ಹಾಕಿ ಕೆಂಪು ಕಡ್ಡಿಯಂಥ ಟಿಬಿ ಬ್ಯಾಕ್ಟೀರಿಯಾ ಹುಡುಕುತ್ತೇವೆ. ಅದು ಕಾಣದಿದ್ದರೆ ಟಿಬಿ ಇಲ್ಲ ಅಂತಲ್ಲ, ಜೀನ್ ಪರೀಕ್ಷೆ ಮತ್ತು ಕಲ್ಚರ್ ಬೇಕು. ಸತ್ತ ಅಂಗಾಂಶ ಇಲ್ಲದ ಗ್ರ್ಯಾನುಲೋಮಾ ಸಾರ್ಕಾಯ್ಡ್ ಆಗಿರಬಹುದು. ಕ್ಯಾನ್ಸರ್ ಇರೋ ಗ್ರಂಥಿಯಲ್ಲೂ ಅಪರೂಪಕ್ಕೆ ಗ್ರ್ಯಾನುಲೋಮಾ ಸಿಗುತ್ತದೆ.

ಮೂರನೆಯದು ಹೊರಗಿನಿಂದ ಬಂದ ಕ್ಯಾನ್ಸರ್ ಕೋಶ. ಇವು ಗ್ರಂಥಿಯ ಮನೆಯವರಲ್ಲ, ನೆಂಟರೂ ಅಲ್ಲ. ಲಿಂಫೋಸೈಟಿಗಿಂತ ಹಲವು ಪಟ್ಟು ದೊಡ್ಡವು. ಸಾಮಾನ್ಯವಾಗಿ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ನ್ಯೂಕ್ಲಿಯಸ್ ಕಪ್ಪಗೆ, ಅಂಕುಡೊಂಕು. ಬಾಯಿ, ಗಂಟಲಿನಿಂದ ಬರೋ ಸ್ಕ್ವಾಮಸ್ ಕ್ಯಾನ್ಸರಿನಲ್ಲಿ ಕೋಶದ ಒಳಗೆ ಕೆರಟಿನ್ ತುಂಬಿರಬಹುದು.

ತೊಂದರೆ ಇರೋದು ಇಲ್ಲೇ. ಈ ಕ್ಯಾನ್ಸರ್ ಗ್ರಂಥಿಯೊಳಗೆ ಬೆಳೆದಾಗ ಅದರ ನಡುಭಾಗ ಸತ್ತು ನೀರಾಗಿಬಿಡಬಹುದು. ಸೂಜಿಗೆ ಬರೋದು ಕೀವಿನ ಹಾಗೇ ಕಾಣುತ್ತದೆ. ಸ್ಲೈಡಿನ ತುಂಬಾ ಸತ್ತ ಅಂಗಾಂಶ, ಕ್ಯಾನ್ಸರ್ ಕೋಶ ಎಲ್ಲೋ ನಾಲ್ಕಾರು. ಹಾಗಾಗಿ ಎರಡು ಸ್ಲೈಡ್ ಬೇಕು. ಒಂದನ್ನು ಗಾಳಿಯಲ್ಲಿ ಒಣಗಿಸಿ ಗೀಮ್ಸಾ ಬಣ್ಣ, ಇನ್ನೊಂದನ್ನು ಒಣಗಲು ಬಿಡದೆ ತಕ್ಷಣ ಆಲ್ಕೋಹಾಲಿಗೆ ಹಾಕಿ ಪ್ಯಾಪ್ ಬಣ್ಣ. ಗೀಮ್ಸಾದಲ್ಲಿ ಕೆರಟಿನ್ ತಿಳಿ ನೀಲಿಯಾಗಿ ಗಲೀಜಿನಲ್ಲಿ ಕಳೆದುಹೋಗಬಹುದು. ಪ್ಯಾಪ್‌ನಲ್ಲಿ ಅದೇ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ.

ಆ ರಿಪೋರ್ಟಿನಲ್ಲಿ ಸತ್ತ ಅಂಗಾಂಶದ ಮಾತಿತ್ತೇ ಹೊರತು ಎಪಿಥೀಲಿಯಾಯ್ಡ್ ಕೋಶದ ಮಾತೇ ಇರಲಿಲ್ಲ. ಬ್ಯಾಕ್ಟೀರಿಯಾನೂ ಕಂಡಿರಲಿಲ್ಲ. ಅಂದರೆ ಗ್ರ್ಯಾನುಲೋಮಾ ಇಲ್ಲದೆಯೇ ಟಿಬಿ ಅಂತ ಊಹಿಸಿದ್ದರು. ಗಂಟು ದೊಡ್ಡದಾದದ್ದೊಂದೇ ಸಾಕ್ಷಿಯಾಗಲ್ಲ, ನಿಜವಾದ ಟಿಬಿಯಲ್ಲೂ ಚಿಕಿತ್ಸೆ ಶುರುವಾದ ಮೇಲೆ ಗಂಟು ಸ್ವಲ್ಪ ಕಾಲ ಊದಬಹುದು. ಆದರೆ ವಯಸ್ಸು, ಹೊಗೆಸೊಪ್ಪು, ದವಡೆ ಕೆಳಗಿನ ಜಾಗ, ಈ ಮೂರನ್ನೂ ಸೇರಿಸಿದಾಗ ಸುಮ್ಮನಿರೋಕೆ ಆಗಲಿಲ್ಲ. ‘ಸ್ಲೈಡ್ ತರಿಸಿ’ ಅಂದೆವು.

ಊರಿಂದ ಬರುತ್ತಿದ್ದ ಸೋದರಳಿಯನ ಕೈಯಲ್ಲಿ ಸ್ಲೈಡುಗಳು ಬಂದವು. ಪ್ಯಾಪ್ ಸ್ಲೈಡಿನ ಅಂಚಿನಲ್ಲಿ ಕಿತ್ತಳೆ ಬಣ್ಣದ, ಬಾಲ ಚಾಚಿದ ಕೋಶಗಳು ಸಿಕ್ಕವು. ಗಂಟಿನ ನಡುವೆ ಬಿಟ್ಟು ಗೋಡೆಯ ಭಾಗಕ್ಕೇ ಮತ್ತೆ ಸೂಜಿ ಹಾಕಿಸಿದಾಗ ಅದೇ ಕೋಶಗಳು ಗುಂಪಾಗಿ ಬಂದವು. ಆಮೇಲೆ ಡಾಕ್ಟರು ಬಾಯಿ ತೆರೆಸಿ ನೋಡಿದರೆ, ನಾಲಿಗೆಯ ಅಂಚಿನಲ್ಲಿ, ಹಿಂದುಗಡೆ, ನೋವಿಲ್ಲದ ಸಣ್ಣ ಹುಣ್ಣು. ಯಜಮಾನರಿಗೆ ಈಗ ಸರಿಯಾದ ಚಿಕಿತ್ಸೆ ನಡೀತಿದೆ. ಹೋದ ಎರಡು ತಿಂಗಳು ಮಾತ್ರ ವಾಪಸ್ ಬರಲ್ಲ.

ಮನೆ ಹಿರಿಯರ ಕತ್ತಿನ ಗಂಟಿಗೆ ಊರಲ್ಲಿ ಸೂಜಿ ಪರೀಕ್ಷೆ ಆಗಿದ್ದರೆ ರಿಪೋರ್ಟ್ ಜೊತೆ ಸ್ಲೈಡನ್ನೂ ಕೇಳಿ ಇಸಕೊಳ್ಳಿ. ರಿಪೋರ್ಟಿನಲ್ಲಿ ‘ಗ್ರ್ಯಾನುಲೋಮಾ’ ಅಂತ ಬರೆದಿದೆಯೋ, ಬರೀ ‘ಸತ್ತ ಅಂಗಾಂಶ’ ಅಂತಲೋ, ನೋಡಿ. ಎರಡನೆಯದಾದರೆ ಡಾಕ್ಟರ ಹತ್ತಿರ ಆ ಒಂದು ಪ್ರಶ್ನೆ ಕೇಳಿಯೇ ಬನ್ನಿ.

ಮುಂದಿನ ತಿಂಗಳು ಮತ್ತೆ ಸಿಗೋಣ.