ರಾತ್ರಿ ಹನ್ನೆರಡಕ್ಕೆ ಮಾಯವಾಗುವ ಡೇಟಾ

ರಸೆಲ್ ಮಾರ್ಕೆಟ್ಟಿನಲ್ಲಿ ಎರಡು ಕೆಜಿ ಈರುಳ್ಳಿ ಕೊಂಡರೆ ಅದು ನನ್ನದು. ಇವತ್ತು ಕಾಲು ಕೆಜಿಯೇ ಖರ್ಚಾಯ್ತು ಅಂತ ಅಂಗಡಿಯವನು ರಾತ್ರಿ ಹನ್ನೆರಡಕ್ಕೆ ಮನೆಗೆ ಬಂದು ಮಿಕ್ಕಿದ್ದನ್ನು ಹೊತ್ತುಕೊಂಡು ಹೋಗಲ್ಲ. ಅದೇ ಮಾರ್ಕೆಟ್ಟಿನ ಪಕ್ಕದ ರೀಚಾರ್ಜ್ ಅಂಗಡಿಯಲ್ಲಿ ಕೊಂಡ ಡೇಟಾ ಮಾತ್ರ ಹಾಗೇ ಹೋಗುತ್ತೆ. ಇದಕ್ಕೆ ಡೈಲಿ ಪ್ಲ್ಯಾನ್ ಅಂತ ಹೆಸರು.

2021ರ ಜೂನ್. ತೀರ್ಥಹಳ್ಳಿ ಕಡೆಯ ಹಳ್ಳಿಯಿಂದ ಅಕ್ಕನ ಮಗಳ ಫೋನು. "ಮಾವಾ, ಆನ್‌ಲೈನ್ ಕ್ಲಾಸ್ ಕಟ್ ಆಗ್ತಿದೆ, ದಿನಕ್ಕೆ ಎರಡು ಜಿಬಿದು ಹಾಕ್ಸಿ." ಅಂಗಡಿಯವನು ತನ್ನ ಫೋನಿನಲ್ಲಿ ವಿಡಿಯೋ ಓಡಿಸಿ ತೋರಿಸಿದ. "ನೋಡಿ ಸಾರ್, ಎಂಥಾ ಸ್ಪೀಡು!" ಶಿವಾಜಿನಗರದ ಸ್ಪೀಡು ನೋಡಿ ಮಲೆನಾಡಿಗೆ 84 ದಿನದ ಪ್ಲ್ಯಾನ್ ಹಾಕಿಸಿದ ದಡ್ಡ ನಾನೇ.

ಹತ್ತು ದಿನ ಬಿಟ್ಟು ಕೇಳಿದರೆ ದಿನಕ್ಕೆ ಮುನ್ನೂರು ಎಂಬಿಯೂ ಖರ್ಚಾಗಿರಲಿಲ್ಲ. ಸಿಗ್ನಲ್ಲೇ ಇಲ್ಲದ ಕಡೆ ಎರಡು ಜಿಬಿ ಹರಿಯೋದು ಎಲ್ಲಿಂದ? ಭಾನುವಾರ ಅವಳು ಪೇಟೆಯ ನೆಂಟರ ಮನೆಗೆ ಹೋಗಿ, ತಪ್ಪಿಹೋದ ಪಾಠಗಳ ವಿಡಿಯೋ ಇಳಿಸಲು ಕೂತಳು. ಒಂದೇ ಗಂಟೆಯಲ್ಲಿ ಕೋಟಾ ಮುಗಿದು ಸ್ಪೀಡು 64 ಕೆಬಿಪಿಎಸ್‌ಗೆ ಇಳಿಯಿತು. ಬೇಡದ ಆರು ದಿನ ಡೇಟಾ ರಾಶಿ ಬಿದ್ದಿತ್ತು, ಬೇಕಾದ ಒಂದು ದಿನ ಇಲ್ಲ.

ಅದೇ ತಿಂಗಳು ಸುಳ್ಯ ತಾಲ್ಲೂಕಿನ ಗುತ್ತಿಗಾರಿನಲ್ಲಿ ಮಳೆಯಲ್ಲಿ ಕ್ಲಾಸ್ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೋ ಎಲ್ಲರೂ ನೋಡಿದರು. ಆ ಅಪ್ಪನಿಗೂ ಜಿಬಿ ಲೆಕ್ಕ ಹೇಳಿ ಪ್ಲ್ಯಾನ್ ಮಾರಬಹುದು ನೋಡಿ!

ಆಮೇಲೆ ಬುದ್ಧಿ ಬಂತು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ About phone ಒಳಗೆ SIM status ಎಂಬಲ್ಲಿ Signal strength ಅಂತ ಮೈನಸ್ ಸಂಖ್ಯೆಯೊಂದು ಸಿಗುತ್ತೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೇದು. 4ಜಿಯಲ್ಲಿ -110 ದಾಟಿ ಕೆಳಗಿಳಿದರೆ ವಿಡಿಯೋ ಪಾಠದ ಆಸೆ ಬಿಡಬೇಕು. ಅವಳು ಜಗಲಿಯಲ್ಲಿ ನೋಡಿದರೆ -117. ಪಕ್ಕದ ಮನೆಯವರ ಬೇರೆ ಕಂಪನಿಯ ಸಿಮ್ಮನ್ನು ಅದೇ ಫೋನಿಗೆ ಹಾಕಿ, ಅದೇ ಜಗಲಿಯಲ್ಲಿ ನೋಡಿದಳು: -99. ಹದಿನೆಂಟರ ವ್ಯತ್ಯಾಸ ಅಂದರೆ ಸಿಗ್ನಲ್ ಸುಮಾರು ಅರವತ್ತು ಪಟ್ಟು ಜಾಸ್ತಿ. ಆದರೂ ಟವರ್ ಮೇಲೆ ಜನ ಹೆಚ್ಚಾದರೆ ಕಡ್ಡಿ ತುಂಬಿದ್ದರೂ ಪಾಠ ನಿಲ್ಲುತ್ತೆ, ಹಾಗಾಗಿ ಕ್ಲಾಸ್ ಹೊತ್ತಿನಲ್ಲೇ ಒಂದೆರಡು ದಿನ ನೋಡಿದೆವು.

ಪೋರ್ಟ್ ಮಾಡಿಸಲಿಲ್ಲ. ಮಾಡಿಸಿದರೆ ಹಳೇ ಪ್ಲ್ಯಾನಿನಲ್ಲಿ ಉಳಿದ ಡೇಟಾ ಜೊತೆಗೆ ಬರಲ್ಲ. ಹೊಸ ಸಿಮ್ ತೆಗೆದು 28 ದಿನದ ಸಣ್ಣ ಪ್ಲ್ಯಾನ್ ಹಾಕಿಸಿದೆ. ಮೊಬೈಲ್ ಕ್ಲಾಸಿಗೆ ಗಂಟೆಗೆ ಅರ್ಧ ಜಿಬಿ ಅಂತ ಇಟ್ಟುಕೊಂಡರೂ ಎರಡು ಗಂಟೆಗೆ ಒಂದು ಜಿಬಿ, ದಿನಕ್ಕೆ ಒಂದೂವರೆ ಧಾರಾಳ. ಭಾನುವಾರದ ಡೌನ್‌ಲೋಡಿಗೆ ಬೇರೆ ಡೇಟಾ ಪ್ಯಾಕು, ಅದೂ ಒಂದೇ ದಿನಕ್ಕೆ ಮುಗಿಯದ್ದು.

ಮಿಕ್ಕಿದ್ದನ್ನು ಉಳಿಸಿಕೊಡೋದು ಆಗದ ಕೆಲಸ ಅಂತ ಯಾವ ಕಂಪನಿಯೂ ಹೇಳಬಾರದು. ವಾರದಲ್ಲಿ ಮಿಕ್ಕ ಡೇಟಾವನ್ನು ಶನಿವಾರ, ಭಾನುವಾರ ಬಳಸುವ ಸೌಲಭ್ಯವನ್ನು ವಿ ಕಂಪನಿ 2020ರಲ್ಲೇ ಕೆಲವು ಪ್ಲ್ಯಾನ್‌ಗಳಲ್ಲಿ ಕೊಟ್ಟಿದೆ. ಒಬ್ಬರಿಗೆ ಆಗೋದು ಉಳಿದವರಿಗೆ ಯಾಕಾಗಲ್ಲ?

ಹಳೇ ಸಿಮ್ಮಿನ 84 ದಿನ ಆಗಿನ್ನೂ ಮುಗಿದಿರಲಿಲ್ಲ. ಡ್ರಾಯರಿನೊಳಗೆ ಅದು ಪ್ರತಿ ರಾತ್ರಿಯೂ ಎರಡು ಜಿಬಿ ಕಳಕೊಳ್ಳುತ್ತಿತ್ತು.